ವೆಬ್‌ಸೈಟಿನ ಹುಟ್ಟಿದ ತಾರೀಖು

ಇಳಕಲ್ಲಿನ ನಮ್ಮ ಮಾಮಾ ಫೋನ್ ಮಾಡಿದಾಗ ನಾನು ಮೀಟಿಂಗಿನಲ್ಲಿದ್ದೆ. "ತಮ್ಮಾ, ಎರಡು ವೆಬ್‌ಸೈಟ್ ಕಳಿಸೀನಿ. ಎರಡೂ ಕಡೆ ರೇಷ್ಮಿ ನೂಲು ಸಿಗತೈತಿ. ಮುಂಗಡ ಅರವತ್ತು ಸಾವಿರ ಹಾಕಬೇಕು. ಯಾವ್ದು ಖರೆ, ಯಾವ್ದು ಸುಳ್ಳು ನೋಡಿ ಹೇಳಪಾ" ಅಂದರು. ಮನೆಯಲ್ಲಿ ಎರಡು ಮಗ್ಗ, ಸೀರೆಯ ಸೆರಗಿಗೆ ಬೇಕಾದ ರೇಷ್ಮೆ ಮುಗಿದಿತ್ತು.

ನಾನು ಇಂಜಿನಿಯರು. ಟರ್ಮಿನಲ್ ತೆರೆದು `whois` ಹೊಡೆದೆ. ಮೊದಲನೆಯದಕ್ಕೆ ಹೀಗೆ ಬಂತು:

```
Creation Date: 2011
Registrant State/Province: Karnataka
Registrant Name: REDACTED FOR PRIVACY
```

(ತಿಂಗಳು, ದಿನ, ಗಂಟೆ ಎಲ್ಲ ಇದ್ದವು, ಇಲ್ಲಿ ಬಿಟ್ಟಿದ್ದೇನೆ.) ಎರಡನೆಯದು ಹುನಗುಂದದ ಒಂದು ಅಂಗಡಿಯದು, ಹುಟ್ಟಿ ಬರೀ ಮೂರು ತಿಂಗಳಾಗಿತ್ತು. "ಮಾಮಾ, ಮೊದಲನೇದು ಹಿಡೀರಿ, ಹಳೇ ಕಂಪನಿ ಐತಿ" ಅಂದೆ. ಐದು ನಿಮಿಷದ ಕೆಲಸ. ಮಾಮಾ ದುಡ್ಡು ಹಾಕಿದರು. ನೂಲು ಬರಲಿಲ್ಲ, ವಾರದಲ್ಲಿ ಆ ಫೋನೂ ಸ್ವಿಚ್ ಆಫ್ ಆಯಿತು.

ದಸರೆಗೆ ಊರಿಗೆ ಹೋದಾಗ ಮಾಮಾ ಏನೂ ಅನ್ನಲಿಲ್ಲ. ಅತ್ತಿ ಚಹಾ ಕೊಟ್ಟಳು, ಅಷ್ಟೇ. ಒಂದು ಮಗ್ಗ ಸುಮ್ಮನೆ ನಿಂತಿತ್ತು. ಅವತ್ತು ರಾತ್ರಿ, ಮೊದಲೇ ಮಾಡಬೇಕಿದ್ದ ಕೆಲಸಕ್ಕೆ ಕೂತೆ.

Creation Date ಅಂದರೆ ಕಂಪನಿ ಹುಟ್ಟಿದ ದಿನವಲ್ಲ. ಆ ಹೆಸರು ಈ ಸಲ ನೋಂದಣಿ ಪುಸ್ತಕಕ್ಕೆ ಸೇರಿದ ದಿನ, ಅಷ್ಟೇ. .in ಹೆಸರುಗಳ ಪುಸ್ತಕ ನಿಕ್ಸಿ ಬಳಿ ಇರುತ್ತದೆ, .com ಹೆಸರುಗಳದು ವೆರಿಸೈನ್ ಬಳಿ. ಹೆಸರಿನ ಮಾಲೀಕ ನವೀಕರಿಸದೆ ಬಿಟ್ಟು, ಅದು ಪುಸ್ತಕದಿಂದ ಪೂರ್ತಿ ಅಳಿಸಿಹೋಗಿ, ಬೇರೆಯವನು ಕೊಂಡರೆ ತಾರೀಖು ಹೊಸದಾಗುತ್ತದೆ. ಆದರೆ ಅಳಿಸುವ ಮೊದಲೇ ಹರಾಜಿನಲ್ಲಿ ಕೊಂಡರೆ, ಅಥವಾ ಮಾಲೀಕನೇ ನೇರವಾಗಿ ಮಾರಿದರೆ, ಹಳೇ ತಾರೀಖು ಹಾಗೇ ಉಳಿಯುತ್ತದೆ. ಹೊಲ ಮಾರಿದರೂ ಸರ್ವೆ ನಂಬರ್ ಬದಲಾಗುವುದಿಲ್ಲವಲ್ಲ, ಹಾಗೆ. ಹಳೇ ಹೆಸರಿಗೆ ಬೆಲೆ ಇರುವುದೇ ನನ್ನಂಥ ಅರ್ಧ ತಿಳಿದವರು ನಂಬುತ್ತಾರೆ ಅಂತ.

web.archive.org ನಲ್ಲಿ ಆ ಹೆಸರಿನ ಹಳೇ ಪುಟಗಳನ್ನು ತೆಗೆದು ನೋಡಿದೆ. ಶುರುವಿನ ಏಳೆಂಟು ವರ್ಷ ಅದು ಬಾದಾಮಿ ಗುಹೆ ನೋಡಲು ಬರುವವರಿಗೆ ಕಾರು, ರೂಮು ಕೊಡಿಸುವ ಪುಟವಾಗಿತ್ತು. ನಂತರ "ಈ ಹೆಸರು ಮಾರಾಟಕ್ಕಿದೆ" ಅನ್ನುವ ಖಾಲಿ ಪುಟ. ಮಾಮಾ ಫೋನ್ ಮಾಡುವುದಕ್ಕೆ ಎರಡು ತಿಂಗಳ ಮುಂಚೆ ಏಕಾಏಕಿ ನೂಲಿನ ವ್ಯಾಪಾರ. ನಾನು ನೋಡಿದ 2011 ಯಾರೋ ಟ್ಯಾಕ್ಸಿಯವನದು!

ಮರುದಿನ ಬೈಕ್ ತೆಗೆದುಕೊಂಡು ಹುನಗುಂದಕ್ಕೆ ಹೋದೆ. ಗೋಡೆಯ ತುಂಬ ನೂಲಿನ ಗಂಟು ಜೋಡಿಸಿದ್ದ ಅಂಗಡಿ. ವೆಬ್‌ಸೈಟ್ ಯಾಕ ಹೊಸದು ಅಂತ ಕೇಳಿದೆ. ಯಜಮಾನರು ನಕ್ಕರು. "ಮೊದಲಿಂದು ಮಾಡಿಕೊಟ್ಟ ಹುಡುಗ ಹೆಸರು ತನ್ನ ಹೆಸರಿಗೇ ಬರಸ್ಕೊಂಡಿದ್ದನ್ರಿ. ಪುಣೆಕ್ಕ ಹೋದ, ಫೋನ್ ಎತ್ತಲಿಲ್ಲ. ಅವಧಿ ಮುಗದು ಹೋತು. ಹೊಸಾದು ತೊಗೊಂಡ್ವಿ." ಸಣ್ಣ ಊರುಗಳಲ್ಲಿ ಇದು ಮಾಮೂಲು. whois ನಲ್ಲಿ ಮಾಲೀಕನ ಹೆಸರು ಕಂಡರೂ ಅದು ವೆಬ್‌ಸೈಟ್ ಮಾಡಿದವನದಿರಬಹುದು.

ಹೆಸರು ಮುಚ್ಚಿರುವುದೂ ಗುಮಾನಿಯ ಗುರುತಲ್ಲ. 2018ರ ಮೇ ತಿಂಗಳಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲೆ ಕಳ್ಳರು, ಸಾವ್ಕಾರರು ಅನ್ನದೆ ಹೆಚ್ಚಿನವರಿಗೆ REDACTED ಅಂತಲೇ ಬರುತ್ತದೆ. ಕಾಣುವ ರಾಜ್ಯದ ಹೆಸರು ಕೊಂಡವನು ತಾನೇ ತುಂಬಿದ್ದು. ನಾನು "ಕರ್ನಾಟಕ" ನೋಡಿ ಸಮಾಧಾನಪಟ್ಟಿದ್ದೆ.

ಹಾಗಂತ ತಾರೀಖು ಪೂರಾ ಸುಳ್ಳಲ್ಲ. ದೊಡ್ಡ ಬ್ಯಾಂಕಿನ ಹೆಸರಿಟ್ಟುಕೊಂಡ ವೆಬ್‌ಸೈಟ್ ಒಂಬತ್ತು ದಿನದ್ದಾಗಿದ್ದರೆ ಮುಚ್ಚಿಬಿಡಿ, ಬೇರೇನೂ ನೋಡುವುದು ಬೇಡ. ಮೋಸದ ಪುಟಗಳ ಮೇಲೆ ಬೇಗ ದೂರು ಬಿದ್ದು ಅವು ಮುಚ್ಚುತ್ತವೆ, ಹಾಗಾಗಿ ಅವರು ಹೊಸ ಹೆಸರು ಕೊಳ್ಳುತ್ತಲೇ ಇರಬೇಕು. ಆದರೆ ಸಣ್ಣ ಅಂಗಡಿಯ ಹೊಸ ಹೆಸರು ಏನೂ ಹೇಳುವುದಿಲ್ಲ, ಹಳೇ ಹೆಸರು ಅದಕ್ಕಿಂತ ಕಡಿಮೆ ಹೇಳುತ್ತದೆ.

ಜಿಎಸ್‌ಟಿ ನಂಬರ್ ಎರಡೂ ಪುಟಗಳ ಅಡಿಯಲ್ಲೇ ಇತ್ತು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಲಾಗಿನ್ ಇಲ್ಲದೆ ವ್ಯಾಪಾರದ ಹೆಸರು, ನೋಂದಣಿ ದಿನ ಬರುತ್ತವೆ. ಹುನಗುಂದದವರದು 29ರಿಂದ ಶುರುವಾಗುತ್ತಿತ್ತು, ಅದು ಕರ್ನಾಟಕದ ಸಂಖ್ಯೆ. ನೋಂದಣಿ 01/07/2017, ಅಂದರೆ ಜಿಎಸ್‌ಟಿ ಶುರುವಾದ ದಿನವೇ. ವ್ಯಾಟ್ ಕಾಲದಿಂದ ಇದ್ದ ವ್ಯಾಪಾರಿಗಳಿಗೆ ಸಾಮಾನ್ಯವಾಗಿ ಇದೇ ದಿನ ಇರುತ್ತದೆ. ಇನ್ನೊಂದರ ನಂಬರ್ 07ರಿಂದ ಶುರು, ಅದು ದೆಹಲಿಯದು. ಪುಟದಲ್ಲಿದ್ದ ವಿಳಾಸ ಬೆಂಗಳೂರಿನದು, ಪೋರ್ಟಲ್‌ನಲ್ಲಿ ಬಂದ ಹೆಸರು ಯಾವುದೋ ಹಾರ್ಡ್‌ವೇರ್ ಅಂಗಡಿಯದು. ಎರಡು ನಿಮಿಷ ಹಿಡಿಯಿತು.

ನಂಬರನ್ನೂ ಕದ್ದು ಹಾಕಬಹುದು, ಅದಕ್ಕೇ ದುಡ್ಡು ಹೋಗುವ ಖಾತೆಯ ಹೆಸರು ಅದರ ಜೊತೆ ಕೂಡಬೇಕು. ಇದನ್ನು ಮಾಮಾಗೆ ಒಂದು ಸಲ ಹೇಳಿದ್ದೆ. ಹೋದ ತಿಂಗಳು ಅವರ ಫೋನ್ ಬಂತು. ಈ ಸಲ ನೋಡಿ ಹೇಳಪಾ ಅನ್ನಲಿಲ್ಲ.

"ಜಿಎಸ್‌ಟಿ ಅವಂದು, ಖಾತೆ ಇನ್ಯಾರ್ದೋ ಹೆಸರ್ಲೆ ಐತಿ. ಬ್ಯಾಡ ಅಂದು ಬಿಟ್ಟೆ. ನೀ ಊಟ ಮಾಡಿದಿ?"