ಒಳಗೆ ನಾನು, ಬೀಗ ಹೊರಗಿನಿಂದ

ಎರಡು ತಿಂಗಳು ಕೂತು ಮಾಡಿದ ಅನುವಾದ ಮುಗಿದಿತ್ತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಕಳಿಸಿಬಿಟ್ಟರೆ ಆಯಿತು. ಆ ನೆಮ್ಮದಿಯಲ್ಲಿ ಮಾರುಕಟ್ಟೆಗೆ ಹೋದವಳು ಸಿಟಿ ಬಸ್ಸಿನ ನೂಕುನುಗ್ಗಲಿನಲ್ಲಿ ಫೋನ್ ಕಳೆದುಕೊಂಡು ಬಂದೆ!

ಕಂಪನಿಯ ಅಂಗಡಿಗೆ ಓಡಿ, ಆಧಾರ್ ತೋರಿಸಿ, ಹೆಬ್ಬೆರಳು ಒತ್ತಿ, ಅದೇ ನಂಬರಿನ ಹೊಸ ಸಿಮ್ ತಂದೆ. ರಾತ್ರಿ ಎಂಟಕ್ಕೆ ಅಮ್ಮನ ಫೋನಿನಲ್ಲಿ ಅದು ಜೀವ ತಳೆಯಿತು. ಇನ್ನೇನು ಎಂದು ಲ್ಯಾಪ್‌ಟಾಪ್ ತೆರೆದೆ. ತಮ್ಮನೂ ಬಳಸುವುದರಿಂದ ಪ್ರತಿಸಲ ಲಾಗ್ ಔಟ್ ಮಾಡುವುದು ನನ್ನ ರೂಢಿ. ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಆದರೆ ಮೆಸೇಜಿನಲ್ಲಿ ಬರುವ ಆರು ಅಂಕಿ ಕೇಳಿತು. ಅದು ಬರಲೇ ಇಲ್ಲ. ಮತ್ತೆ ಒತ್ತಿದೆ, ಮತ್ತೆ ಇಲ್ಲ.

ಅನುವಾದವೇನೋ ಲ್ಯಾಪ್‌ಟಾಪಿನಲ್ಲೇ ಇತ್ತು. ಆದರೆ ಸಂಪಾದಕಿಯ ವಿಳಾಸ ಆ ಇಮೇಲಿನೊಳಗೆ, ಅವರ ನಂಬರು ಕಳೆದ ಫೋನಿನೊಳಗೆ. ತಮ್ಮನ ಇಮೇಲಿನಿಂದ ಕಳಿಸೋಣವೆಂದರೆ ಯಾರಿಗೆ ಕಳಿಸುವುದು?

ಕಣ್ಣಲ್ಲಿ ನೀರು ಬಂತು. ಅಮ್ಮ, "ಅಳ್ತಾ ಕೂತ್ರೆ ಆಗುತ್ತೇನೇ? ಆ ಅಂಗಡಿಯವನು ಏನಾದ್ರೂ ಹೇಳಿದ್ನಾ, ನೆನಪು ಮಾಡ್ಕೋ" ಎಂದರು.

ಹೇಳಿದ್ದ! ನಾನೇ ಅವಸರದಲ್ಲಿ ಕಿವಿಗೆ ಹಾಕಿಕೊಂಡಿರಲಿಲ್ಲ. "ಮೇಡಂ, 24 ಗಂಟೆ ಮೆಸೇಜ್ ಬರಲ್ಲ, ಕಾಲ್ ಮಾತ್ರ." ನಮ್ಮ ಹೆಸರಿನಲ್ಲಿ ಕಳ್ಳರು ಸಿಮ್ ಬದಲಿಸಿಕೊಂಡು ಬ್ಯಾಂಕಿನ ಹಣ ದೋಚಬಾರದೆಂದು ಇರುವ ನಿಯಮವಂತೆ. ನನ್ನ ಕಾವಲಿಗೆ ಇಟ್ಟ ಬೀಗ ನನಗೇ ಬಿದ್ದಿತ್ತು.

"ಕಾಲ್ ಬರುತ್ತಲ್ಲಾ ಅಕ್ಕಾ" ಎಂದ ತಮ್ಮ. "ಸುಮ್ಮನೆ ಅದನ್ನೇ ಒತ್ತಬೇಡ, ಜಾಸ್ತಿ ಸಲ ಆದ್ರೆ ಪೂರ್ತಿ ನಿಲ್ಲಿಸಿಬಿಡ್ತಾರೆ." ಪರದೆಯ ಕೆಳಗೆ Try another way ಎಂದು ಸಣ್ಣದಾಗಿ ಬರೆದಿತ್ತು. ಒತ್ತಿದೆ. ಕರೆ ಮಾಡಿ ಹೇಳುವ ದಾರಿಯೂ ಅಲ್ಲಿತ್ತು. ಅರೆಗಳಿಗೆಯಲ್ಲಿ ಅಮ್ಮನ ಫೋನ್ ರಿಂಗಾಯಿತು. ಮುದ್ರಿತ ದನಿ ಒಂದೊಂದೇ ಅಂಕಿ ಹೇಳುತ್ತಿದ್ದರೆ ಅಮ್ಮ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡರು. ಬಾಗಿಲು ತೆರೆಯಿತು. ಬೆಳಗಿನವರೆಗೆ ಕಾಯದೆ ಆಗಲೇ ಅನುವಾದ ಕಳಿಸಿಬಿಟ್ಟೆ.

ಆ ರಾತ್ರಿಯೇ ಇನ್ನೊಂದು ಕೆಲಸ ಮಾಡಿದೆ. ಇಮೇಲಿನ ಭದ್ರತೆಯ ಪುಟದಲ್ಲಿ ಬ್ಯಾಕಪ್ ಕೋಡ್ ಎಂದಿರುತ್ತದೆ. ನನಗೆ ಎಂಟೆಂಟು ಅಂಕಿಯ ಹತ್ತು ಕೋಡ್ ಸಿಕ್ಕವು. ಮೆಸೇಜ್ ಬಾರದಿದ್ದಾಗ ಅದರ ಬದಲು ಇವುಗಳಲ್ಲೊಂದನ್ನು ಕೊಡಬಹುದು. ಒಂದು ಕೋಡ್ ಒಂದೇ ಸಲಕ್ಕೆ; ಬಳಸಿದ್ದನ್ನು ಹೊಡೆದುಹಾಕಬೇಕು. ಹೊಸ ಹತ್ತು ತೆಗೆದುಕೊಂಡರೆ ಹಳೆಯವು ನಡೆಯುವುದಿಲ್ಲ.

ಅವನ್ನು ಅಡುಗೆ ಪುಸ್ತಕದ ಕೊನೆಯ ಹಾಳೆಯಲ್ಲಿ, ಮಾವಿನಕಾಯಿ ಉಪ್ಪಿನಕಾಯಿಯ ಅಳತೆಯ ಕೆಳಗೆ ಬರೆದಿಟ್ಟಿದ್ದೇನೆ. ಪಾಸ್‌ವರ್ಡ್ ಮಾತ್ರ ಅಲ್ಲಿ ಬರೆದಿಲ್ಲ; ಎರಡೂ ಒಂದೇ ಕಡೆ ಇದ್ದರೆ ಬೀಗವನ್ನೂ ಕೀಲಿಯನ್ನೂ ಒಟ್ಟಿಗೇ ಕಳ್ಳನ ಕೈಗೆ ಕೊಟ್ಟಂತೆ. ಸಂಪಾದಕಿಯ ನಂಬರು ಈಗ ಅಮ್ಮನ ಕ್ಯಾಲೆಂಡರಿನ ಮೇಲೂ ಇದೆ.