ಎಡಗಡೆಯ ಪೆಡಲು

ನನ್ನ ಹಳೆಯ ಸೈಕಲ್ಲಿನ ತುಕ್ಕು ಹಿಡಿದ ಎಡ ಪೆಡಲನ್ನು ಕ್ರ್ಯಾಂಕಿನಿಂದ ಬಿಚ್ಚಲು ಮೊನ್ನೆ ಕುಳಿತೆ. 15 ಮಿಲಿಮೀಟರಿನ ಸ್ಪ್ಯಾನರು ಹಾಕಿ, ವಾಡಿಕೆಯಂತೆ ಅಪ್ರದಕ್ಷಿಣವಾಗಿ ಮೈಭಾರವನ್ನೆಲ್ಲ ಹೇರಿದರೂ ಅದು ಕದಲಲಿಲ್ಲ. ಅಂಗೈ ತರಚಿದ ಮೇಲೆ ನೆನಪಾಯಿತು: ಎಡ ಪೆಡಲಿನ ಥ್ರೆಡ್ಡು ಉಲ್ಟಾ! ಅಷ್ಟು ಹೊತ್ತೂ ನಾನು ಅದನ್ನು ಬಿಗಿಯುತ್ತಲೇ ಇದ್ದೆ.

ಎಡಗಡೆಯೂ ಬಲಗಡೆಯಂತೆಯೇ ಇದ್ದಿದ್ದರೆ, ತುಳಿಯುವಾಗ ಅಚ್ಚಿನ ಸುತ್ತ ಸುತ್ತುವ ಭಾರವು ಪೆಡಲನ್ನು ಮೆಲ್ಲಮೆಲ್ಲನೆ ಸಡಿಲಿಸುತ್ತಿತ್ತು. ಅದನ್ನು ತಡೆಯಲೆಂದೇ ಈ ಏರ್ಪಾಡು.

ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೆಯೇ ಇರಿಸಿದೆ. ಬೆಳಿಗ್ಗೆ ಸ್ಪ್ಯಾನರಿನ ಹಿಡಿಯನ್ನು ಮೇಲ್ಮುಖವಾಗಿ ನಿಲ್ಲಿಸಿ, ಕ್ರ್ಯಾಂಕು ತಿರುಗದಂತೆ ಹಿಡಿದು, ಹಿಂದಿನ ಚಕ್ರದತ್ತ ನೂಕಿದೆ. ‘ಕಟ್’ ಎಂದು ಸದ್ದಾಗಿ ಪೆಡಲು ಸಡಿಲವಾಯಿತು. ಹಿಡಿ ಮೇಲಿದ್ದಾಗ ಹಿಂದಕ್ಕೆ ನೂಕಿದರೆ ಎರಡೂ ಬದಿಯ ಪೆಡಲುಗಳು ಬಿಚ್ಚುತ್ತವೆ. ಎಡ ಬಲದ ಗೊಂದಲವೇ ಇಲ್ಲ. ‘ಬಲಕ್ಕೆ ಬಿಗಿ, ಎಡಕ್ಕೆ ಸಡಿಲ’ ಎಂದು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿಕೊಟ್ಟವನಿಗೆ ತನ್ನ ಸೈಕಲ್ಲೇ ತಿದ್ದುಪಡಿ ಹೇಳಿತು.