ಅಳತೆಗಳ ಅನುವಾದ

ನ್ಯೂಜೆರ್ಸಿಯಲ್ಲಿರುವ ಚಿಕ್ಕಮ್ಮನ ಮಗಳು ಡಿಸೆಂಬರಿನಲ್ಲಿ ಬರುತ್ತಾಳೆ. ಬಟ್ಟೆಯಂಗಡಿಗಳೇ ತುಂಬಿದ ಪುರಸೈವಾಕ್ಕಂ ಹೈರೋಡಿನ ಬದಿಯಲ್ಲಿದ್ದುಕೊಂಡು ಅವಳಿಂದ ಜೀನ್ಸ್ ತರಿಸುವುದು ವಿಚಿತ್ರವೇ. ಆದರೆ ಕಾಲೇಜು ಸೇರಿದ ಮಗನ ಹಟ. ನೆಪದಲ್ಲಿ ನನಗೂ ಎರಡು ಶರ್ಟು.

ಜೀನ್ಸಿನ ಸೊಂಟ ಎರಡೂ ದೇಶಗಳಲ್ಲಿ ಅಂಗುಲದ ಲೆಕ್ಕವೇ. ತೊಡಕಿರುವುದು ಉದ್ದದಲ್ಲಿ. ನಾವು ಉದ್ದನೆಯದನ್ನೇ ಕೊಂಡು ದರ್ಜಿಯಿಂದ ಕೆಳಗೆ ಮಡಿಸಿ ಹೊಲಿಸುತ್ತೇವೆ. ಅವನು ಅಳೆಯುವುದು ಸೊಂಟಪಟ್ಟಿಯಿಂದ, ಹೊರಬದಿಯಲ್ಲಿ. ಅಮೆರಿಕದ ಚೀಟಿಯ ಎರಡನೆಯ ಅಂಕಿ ಕಾಲಿನ ಒಳಬದಿಯದು. ದರ್ಜಿಯ 40 ಅನ್ನು ಹಾಗೆಯೇ ಕಳಿಸಿದರೆ ಮಗ ಜೀನ್ಸಿನೊಳಗೆ ಮುಳುಗಿಯಾನು! ಅವನಿಗೆ ಸರಿಹೊಂದುವ ಹಳೆಯದನ್ನು ಮಂಚದ ಮೇಲೆ ಹಾಸಿ, ತೊಡೆಯ ಹೊಲಿಗೆಗಳು ಕೂಡುವಲ್ಲಿಂದ ಅಂಚಿನವರೆಗೆ ಟೇಪು ಹಿಡಿದೆ: 30.

ಶರ್ಟಿನ ವಿಷಯ ಇನ್ನೂ ಸೂಕ್ಷ್ಮ. ನನ್ನ ಆಫೀಸು ಶರ್ಟಿನ 40 ಕೊರಳಪಟ್ಟಿಯ ಸೆಂಟಿಮೀಟರು, 2.54ರಿಂದ ಭಾಗಿಸಿದರೆ ಹದಿನೈದೂ ಮುಕ್ಕಾಲು ಅಂಗುಲ. ಅಲ್ಲಿಯ ಅಳತೆಗಳು ಅರ್ಧರ್ಧ ಅಂಗುಲಕ್ಕೆ ಏರುತ್ತವೆ. ಕೊರಳು ಬಿಗಿಯುವುದಕ್ಕಿಂತ ಸಡಿಲವೇ ಲೇಸೆಂದು 16. ತೋಳನ್ನು ಅವರು ಭುಜದಿಂದಲ್ಲ, ಕತ್ತಿನ ಹಿಂಭಾಗದ ನಡುವಿನಿಂದ ಅಳೆಯುತ್ತಾರೆ. ಆದುದರಿಂದ ನನ್ನ 24 ಅಂಗುಲದ ತೋಳಿಗೆ 18ರ ಭುಜದ ಅರ್ಧ ಕೂಡಿಸಿದೆ: 33.

ಕೊನೆಗೆ ಕಳಿಸಿದ್ದು ಇಷ್ಟು: 'ಪುಟ್ಟೀ, ಜೀನ್ಸ್ 32 x 30, ಕಡುನೀಲಿ, ಹರಿದ ಮಾದರಿ ಬೇಡ. ಶರ್ಟು ಎರಡು, ಕೊರಳು 16, ತೋಳು 32/33 ಎಂದಿರುವುದು. "ಸ್ಲಿಮ್" ಎಂದಿದ್ದರೆ ಅಲ್ಲೇ ಬಿಟ್ಟುಬಿಡು. ದುಡ್ಡೆಷ್ಟೆಂದು ಮೊದಲೇ ಹೇಳಬೇಕು ಕಣೇ.'